ನೆರೆ ಪರಿಹಾರದ ಮನವಿ: ಕಳಿಸುವ ಮುಂಚೆ ತಿದ್ದಬೇಕಾದ್ದು

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ನೀರುಪಾಲಾದಾಗ, ರಾಜ್ಯದ ಬೇರೆ ಬೇರೆ ಊರುಗಳಿಂದ ಅಕ್ಕಿ, ಬೇಳೆ, ಹೊದಿಕೆ ಹೊತ್ತ ಲಾರಿಗಳು ಹೊರಟವು. ಇಂಥ ಹೊತ್ತಿನಲ್ಲಿ ಮೊದಲು ಮುಂದೆ ಬರುವವರಲ್ಲಿ ಗಣೇಶನ ಹಬ್ಬಕ್ಕೆ ಚಂದಾ ಎತ್ತುವ ಬೀದಿಯ ಹುಡುಗರ ಸಂಘಗಳೂ ಇರುತ್ತವೆ. ಹಬ್ಬದ ಚಂದಾ ಕೇಳುವುದು ಮುಖ ನೋಡಿ, ಪರಿಚಯದ ಮೇಲೆ. ನೆರೆಗೆ ಹಣ ಕೇಳುವ ಮನವಿಯಾದರೋ ವಾಟ್ಸಾಪ್ ಹತ್ತಿ ಊರು ದಾಟುತ್ತದೆ. ಸಂಘವನ್ನು ಕಂಡೇ ಇಲ್ಲದವರು ಅದನ್ನು ಓದಿ ಹಣ ಹಾಕಬೇಕು. ಅವರ ಮುಂದಿರುವುದು ಆ ಹತ್ತು ಸಾಲು ಮಾತ್ರ.

ಆ ಹತ್ತು ಸಾಲಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳನ್ನೆಲ್ಲ ಒಂದೆಡೆ ಸೇರಿಸಿ ಮಾದರಿಗೆಂದು ಒಂದು ಮನವಿ ಕಟ್ಟಿದ್ದೇವೆ, ನೋಡಿ:

“ಆತ್ಮೀಯ ನಾಗರೀಕರೆ, ಉತ್ತರ ಕನ್ನಡದಲ್ಲಿ ಮಲಪ್ರಭಾ ಪ್ರವಾಹದಿಂದ ಜನರು ತತ್ತರಿಸಿದ್ದು ಮನೆಮಠ ಕಳೆದುಕೊಂಡಿದೆ. ನಮ್ಮ ಸಂಘದಿಂದ ನೆರೆ ಸಂತ್ರಸ್ಥರಿಗೆ ತಲಾ 1200 ರೂ. ಬೆಲೆಯ 150 ಕಿಟ್ ಕೊಡುತ್ತಿದ್ದು ಒಟ್ಟು 15,0000 (ಹದಿನೈದು ಸಾವಿರ) ಬೇಕಾಗಿದೆ. ತಾವು ದನ ಸಹಾಯ ಮಾಡಿ, ಹಳೆ ಬಟ್ಟೆ ಏನಿದ್ದರೂ ಕೊಡಿ. ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇದೆ. ಸಿಂಡಿಕೇಟ್ ಬ್ಯಾಂಕ್ ಖಾತೆಗೆ ಹಾಕಿ ಅಥವಾ ಈ ನಂಬರಿಗೆ ಫೋನ್‌ಪೇ ಮಾಡಿ. ನಾಳೆಯೇ ಕೊನೆ ದಿನ. ಎಲ್ಲರಿಗೂ ಶೇರ್ ಮಾಡಿ.”

ಭಾಷೆಯಿಂದ ಶುರು ಮಾಡೋಣ. “ನಾಗರೀಕ”ವನ್ನು “ನಾಗರಿಕ” ಎಂದೂ “ಸಂತ್ರಸ್ಥ”ವನ್ನು “ಸಂತ್ರಸ್ತ” ಎಂದೂ ತಿದ್ದಬೇಕು, ನಿಜ. ಆದರೆ ಈ ಕಾಗುಣಿತದ ತಪ್ಪುಗಳಿಂದ ಅರ್ಥವೇನೂ ಕೆಡುವುದಿಲ್ಲ. ಅರ್ಥ ಕೆಡಿಸುವ ತಪ್ಪು ಬೇರೆಯೇ ಇವೆ. ಧಕಾರಕ್ಕೆ ದಕಾರ ಬಿದ್ದು ಧನಸಹಾಯ ಹೋಗಿ ದನ ಬಂದಿದೆ. ಮೇವು, ಹಸು ಕಳಿಸಬೇಕೇನೋ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ, ನೆರೆಯಲ್ಲಿ ಮೇವಿನ ಕೊರತೆಯೂ ಇರುತ್ತದಲ್ಲ. “ಜನರು” ಎಂದು ಹೊರಟ ವಾಕ್ಯ “ಕಳೆದುಕೊಂಡಿದೆ” ಎಂದು ಮುಗಿದಿದೆ, “ಕಳೆದುಕೊಂಡಿದ್ದಾರೆ” ಎಂದಾಗಬೇಕು. ಎಲ್ಲಕ್ಕಿಂತ ದೊಡ್ಡ ತಪ್ಪು ಊರಿನದು. ಉತ್ತರ ಕನ್ನಡ ಎಂದರೆ ಕಾರವಾರದ ಕಡೆಯ ಜಿಲ್ಲೆ. ಮಲಪ್ರಭಾ ಹರಿಯುವುದು ಉತ್ತರ ಕರ್ನಾಟಕದಲ್ಲಿ, ಬೆಳಗಾವಿ, ಗದಗ, ಬಾಗಲಕೋಟೆ ಜಿಲ್ಲೆಗಳಲ್ಲಿ. ಆ ಭಾಗದವರು ಓದಿದರೆ, ಎಲ್ಲಿಗೆ ಹೋಗುತ್ತೇವೆಂದೇ ಇವರಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಜಿಲ್ಲೆ, ತಾಲ್ಲೂಕು, ಸಾಧ್ಯವಾದರೆ ಹಳ್ಳಿಯ ಹೆಸರನ್ನೇ ಬರೆಯುವುದು ವಾಸಿ.

ಇನ್ನು ಮೊತ್ತ. “15,0000” ಎಂಬುದರಲ್ಲಿ ಅಲ್ಪವಿರಾಮ ಜಾಗ ತಪ್ಪಿದೆ. ನಮ್ಮ ಲಕ್ಷದ ಲೆಕ್ಕದಲ್ಲಿ ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು: 1,50,000. ಪಕ್ಕದಲ್ಲಿ ಅಕ್ಷರದಲ್ಲಿರುವುದು ಹದಿನೈದು ಸಾವಿರ. ಅಂಕಿಗೂ ಅಕ್ಷರಕ್ಕೂ ಹತ್ತು ಪಟ್ಟು ವ್ಯತ್ಯಾಸ. ಅದನ್ನು ತಿದ್ದಿದರೂ ಲೆಕ್ಕ ಕೂಡುವುದಿಲ್ಲ. 1,200 ರೂಪಾಯಿಯ 150 ಕಿಟ್ ಎಂದರೆ 1,80,000. ಉಳಿದ ಮೂವತ್ತು ಸಾವಿರ ಎಲ್ಲಿಂದ ಬರುತ್ತದೆ? ಲಾರಿ ಬಾಡಿಗೆಯ ಮಾತೂ ಇಲ್ಲ. ಬಾಡಿಗೆ ಬರೆದರೆ ದಾನದ ಹಣ ಡೀಸೆಲ್‌ಗೆ ಹೋಯಿತು ಎಂದಾರು ಎಂಬ ಅಳುಕಿನಿಂದ ಹಲವರು ಅದನ್ನು ಬಿಡುತ್ತಾರೆ. ಆಮೇಲೆ ಅದೇ ಹಣದಲ್ಲಿ ಬಾಡಿಗೆ ಕೊಟ್ಟಾಗ ನಿಜವಾದ ಅನುಮಾನ ಹುಟ್ಟುತ್ತದೆ. ಮೊದಲೇ ಬರೆದುಬಿಡಿ.

ಕಿಟ್‌ನೊಳಗೆ ಏನಿದೆ ಎಂಬುದನ್ನೂ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ದರ ಕೇಳಿಕೊಂಡು ಬಂದು ಹೀಗೆ ಜೋಡಿಸಬಹುದು, ದರಗಳು ಲೆಕ್ಕಕ್ಕೆಂದು ಹಿಡಿದವು: ಅಕ್ಕಿ 10 ಕಿಲೋ 450, ತೊಗರಿಬೇಳೆ ಒಂದು ಕಿಲೋ 150, ಅಡುಗೆ ಎಣ್ಣೆ ಒಂದು ಲೀಟರ್ 140, ಉಪ್ಪು 25, ಸಕ್ಕರೆ 45, ಟೀಪುಡಿ 40, ಸೋಪು, ಬೆಂಕಿಪೊಟ್ಟಣ, ಮೇಣದಬತ್ತಿಗೆ 60, ಹೊದಿಕೆಗೆ 290. ಕೂಡಿದರೆ 1,200. ಹೀಗೆ ಬಿಡಿಸಿಟ್ಟರೆ 1,200 ಕೊಟ್ಟವರಿಗೆ ತಮ್ಮ ಹಣದಿಂದ ಒಂದು ಮನೆಗೆ ಏನು ಸೇರುತ್ತದೆಂದು ಗೊತ್ತಾಗುತ್ತದೆ, 450 ಕೊಡಬಲ್ಲವರಿಗೂ ತಮ್ಮದು ಅಕ್ಕಿಯ ಪಾಲು ಎಂದು ತಿಳಿಯುತ್ತದೆ. ಹಳೆ ಬಟ್ಟೆ “ಏನಿದ್ದರೂ” ಎಂದು ಕೇಳಿದರೆ ಹರಿದದ್ದು, ಒಗೆಯದ್ದು ರಾಶಿ ಬಿದ್ದು, ವಿಂಗಡಿಸುವುದರಲ್ಲೇ ಹುಡುಗರ ಎರಡು ದಿನ ಹೋಗುತ್ತದೆ. ಬೇಡ ಎಂದು ಸ್ಪಷ್ಟವಾಗಿ ಬರೆಯುವುದೇ ಒಳ್ಳೆಯದು.

ತೆರಿಗೆ ವಿನಾಯಿತಿಯ ಸಾಲನ್ನು ಹೊಡೆದುಹಾಕಬೇಕು. ಆದಾಯ ತೆರಿಗೆ ಇಲಾಖೆಯಲ್ಲಿ ಅದಕ್ಕೆಂದೇ ನೋಂದಣಿ ಮಾಡಿಸಿಕೊಂಡ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ ಅದು ಸಿಗುತ್ತದೆ. ಬೀದಿಯ ಸಂಘಕ್ಕೆ ಸಾಮಾನ್ಯವಾಗಿ ಆ ನೋಂದಣಿ ಇರುವುದಿಲ್ಲ.

ಇನ್ನು ಖಾತೆಯ ವಿವರ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು, SYNB ಎಂದು ಶುರುವಾಗುವ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈನಿಂದ ನಡೆಯುತ್ತಿಲ್ಲ. 2019ರ ಮನವಿಯನ್ನೇ ನಕಲು ಮಾಡಿ ದಿನಾಂಕವಷ್ಟೇ ಬದಲಿಸಿದರೆ ಆಗುವ ಎಡವಟ್ಟು ಇದು. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಸ್ಥಾನ, ಮೊದಲ ನಾಲ್ಕು ಬ್ಯಾಂಕಿನ ಅಕ್ಷರಗಳು, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ O ಅಕ್ಷರ ಹಾಕಿದರೆ ಹಣ ಹೋಗುವುದಿಲ್ಲ, ಅಷ್ಟೇ. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಅಪಾಯ ಹೆಚ್ಚು. ನೆಫ್ಟ್‌ನಂಥ ವರ್ಗಾವಣೆಯಲ್ಲಿ ಹಣ ಜಮಾ ಆಗುವುದು ಸಂಖ್ಯೆಯ ಆಧಾರದ ಮೇಲೆ, ಹೆಸರಿನ ಮೇಲಲ್ಲ. ಆ ಸಂಖ್ಯೆಯ ಖಾತೆ ಬೇರೆಯವರದ್ದಾಗಿದ್ದರೆ ಹಣ ಅವರಿಗೆ ಸೇರುತ್ತದೆ. ಆದ್ದರಿಂದ ಸಂಖ್ಯೆಯನ್ನು ನೆನಪಿನಿಂದ ಬರೆಯಬೇಡಿ, ಪಾಸ್‌ಬುಕ್ ಎದುರಿಟ್ಟುಕೊಂಡು ಬರೆಯಿರಿ. ಚಿತ್ರವಾಗಿ ಕಳಿಸಿದರೂ ಜೊತೆಗೆ ಅಕ್ಷರದಲ್ಲಿ ಕಳಿಸಿ, ಓದುವವರು ನಕಲಿಸಿಕೊಳ್ಳಬಹುದು.

ಯುಪಿಐನಲ್ಲಿ ಒಂದು ಅಕ್ಷರ ಎಷ್ಟು ಕೆಲಸ ಮಾಡುತ್ತದೆ ಎಂಬುದು 2020ರಲ್ಲಿ ದೇಶಕ್ಕೇ ಗೊತ್ತಾಯಿತು. ಪಿಎಂ ಕೇರ್ಸ್ ನಿಧಿಯ ನಿಜವಾದ ವಿಳಾಸ pmcares@sbi. ಒಂದು s ಬಿಟ್ಟ pmcare@sbi ಎಂಬ ನಕಲಿಯೂ ಹರಿದಾಡಿತು, ಸರ್ಕಾರವೇ ಎಚ್ಚರಿಕೆ ಕೊಡಬೇಕಾಯಿತು. ಇದಕ್ಕೆ ಪರಿಹಾರ ಫೋನಿನ ಪರದೆಯಲ್ಲೇ ಇದೆ: ಹಣ ಕಳಿಸುವ ಮುಂಚೆ ಖಾತೆದಾರರ ಹೆಸರು ಕಾಣುತ್ತದೆ. ಆ ಹೆಸರನ್ನು ಮನವಿಯಲ್ಲೇ ಬರೆದರೆ ಓದುವವರು ತಾಳೆ ನೋಡುತ್ತಾರೆ. ಖಾತೆ ಸಂಘದ್ದಲ್ಲದೆ ಖಜಾಂಚಿಯ ಸ್ವಂತದ್ದಾಗಿದ್ದರೆ ಮುಚ್ಚಿಡಬಾರದು, ಅದನ್ನೂ ಹೇಳಬೇಕು.

ಇಷ್ಟೆಲ್ಲ ಆದ ಮೇಲೆ ಮನವಿ ಹೀಗಾಗುತ್ತದೆ:

“ಆತ್ಮೀಯ ನಾಗರಿಕರೇ, ಮಲಪ್ರಭಾ ಪ್ರವಾಹದಿಂದ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಹಲವರು ಮನೆ ಕಳೆದುಕೊಂಡಿದ್ದಾರೆ. ಅಲ್ಲಿನ 150 ಕುಟುಂಬಗಳಿಗೆ ದಿನಸಿ ಮತ್ತು ಹೊದಿಕೆಯ ಕಿಟ್ ತಲುಪಿಸಲಿದ್ದೇವೆ. ಒಂದು ಕಿಟ್‌ಗೆ ₹1,200ರಂತೆ ₹1,80,000, ಲಾರಿ ಬಾಡಿಗೆ ₹18,000, ಚೀಲಗಳಿಗೆ ₹2,000, ಒಟ್ಟು ₹2,00,000 (ಎರಡು ಲಕ್ಷ ರೂಪಾಯಿ) ಬೇಕು. ಸದಸ್ಯರಿಂದ ₹35,000 ಬಂದಿದೆ, ಇನ್ನು ₹1,65,000 ಬೇಕಾಗಿದೆ. ದಯವಿಟ್ಟು ಹಳೆ ಬಟ್ಟೆ ಕೊಡಬೇಡಿ. ಈ ದಾನಕ್ಕೆ ತೆರಿಗೆ ವಿನಾಯಿತಿ ಇರುವುದಿಲ್ಲ. ಖಾತೆದಾರರ ಹೆಸರು, ಬ್ಯಾಂಕ್ ಮತ್ತು ಶಾಖೆ, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಯುಪಿಐ ವಿಳಾಸ ಕೆಳಗಿವೆ. ಕೊನೆಯ ದಿನ: (ದಿನಾಂಕ, ತಿಂಗಳು, ವರ್ಷ). ಹಣ ಉಳಿದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕಟ್ಟುತ್ತೇವೆ. ಬಿಲ್ಲುಗಳ ಸಮೇತ ಲೆಕ್ಕವನ್ನು ಹಂಚಿಕೆಯಾದ ವಾರದೊಳಗೆ ಸಂಘದ ಫಲಕದಲ್ಲಿ ಹಾಕುತ್ತೇವೆ.”

“ನಾಳೆ” ಹೋಗಿ ವರ್ಷ ಸಮೇತ ದಿನಾಂಕ ಬಂದದ್ದನ್ನು ಗಮನಿಸಿ. ವಾಟ್ಸಾಪ್‌ನಲ್ಲಿ “ನಾಳೆ” ಎಂದೂ ಮುಗಿಯುವುದಿಲ್ಲ. ದಿನಾಂಕವಿಲ್ಲದ ಮನವಿ ಮುಂದಿನ ಮಳೆಗಾಲಕ್ಕೂ ಬೇರೆ ಊರಿನ ಗುಂಪಿನಲ್ಲಿ ಬಂದು ಬೀಳುತ್ತದೆ, ಮುಗಿದ ಕೆಲಸಕ್ಕೆ ಹಣ ಬರುತ್ತಲೇ ಇರುತ್ತದೆ.

ಇನ್ನೊಂದೇ ಕೆಲಸ ಬಾಕಿ. ಬರೆದವರಲ್ಲದ ಒಬ್ಬ ಸದಸ್ಯ ಮನವಿಯನ್ನು ನೋಡಿಕೊಂಡು, ಯಾರನ್ನೂ ಏನನ್ನೂ ಕೇಳದೆ, ಖಾತೆಗೆ ಒಂದು ರೂಪಾಯಿ, ಯುಪಿಐಗೆ ಒಂದು ರೂಪಾಯಿ ಕಳಿಸಲಿ. ಎರಡೂ ಪಾಸ್‌ಬುಕ್ಕಿಗೆ ಬಂದಿದ್ದರೆ ಮಾತ್ರ ಗುಂಪುಗಳಿಗೆ ಹಾಕಿ.