ಗೂಡಿರುವ ಕೋಣೆಗೆ ಎಷ್ಟು ಟೈಲ್ಸ್ ಬೇಕು?

ಅಂಗಡಿಯಲ್ಲಿ ‘ಎರಡಕ್ಕೆರಡು’ ಎಂದು ಕೊಡುವ ಟೈಲು ಪೂರಾ ಎರಡಡಿ ಇರುವುದಿಲ್ಲ. ಅದರ ನಿಜವಾದ ಅಳತೆ 60 ಸೆಂಟಿಮೀಟರ್, ಎರಡಡಿಯೆಂದರೆ ಹತ್ತಿರಹತ್ತಿರ 61. ಒಂದು ಟೈಲಿನಲ್ಲಿ ಈ ಒಂದು ಸೆಂಟಿಮೀಟರು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಹನ್ನೆರಡು ಅಡಿಯ ಗೋಡೆಯುದ್ದಕ್ಕೂ ಆರು ಟೈಲು ಜೋಡಿಸಿ ನೋಡಿದರೆ ಕೊನೆಯಲ್ಲಿ ಸುಮಾರು ಐದು ಸೆಂಟಿಮೀಟರ್ ನೆಲ ಬರಿದಾಗಿ ಉಳಿದಿರುತ್ತದೆ. ಬಾಕ್ಸುಗಳ ಲೆಕ್ಕ ತಪ್ಪುವುದು ಇಲ್ಲಿಂದಲೇ.

ನಮ್ಮ ಕಡೆ ತೀರಾ ಸಾಮಾನ್ಯವಾದ ಒಂದು ಮಲಗುವ ಕೋಣೆಯನ್ನೇ ತೆಗೆದುಕೊಳ್ಳೋಣ. ಪ್ಲಾಸ್ಟರ್ ಆದಮೇಲೆ 12 ಅಡಿ ಉದ್ದ, 10 ಅಡಿ ಅಗಲ. ಉದ್ದದ ಒಂದು ಗೋಡೆಯ ನಡುವೆ ಬೀರು ಕೂರಿಸಲೆಂದು 5 ಅಡಿ ಅಗಲ, 2 ಅಡಿ ಆಳದ ಗೂಡು ಬಿಟ್ಟಿದ್ದಾರೆ. ಕೋಣೆ 120 ಚದರಡಿ, ಗೂಡು 10, ಒಟ್ಟು 130. ಕತ್ತರಿಸುವಾಗ ಹಾಳಾಗುವುದಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ 143. ನಾಲ್ಕು ಟೈಲಿನ ಬಾಕ್ಸಿಗೆ 16 ಚದರಡಿಯಂತೆ ಒಂಬತ್ತು ಬಾಕ್ಸ್, ಅಂದರೆ 36 ಟೈಲು. ಸಾಮಾನ್ಯವಾಗಿ ಲೆಕ್ಕ ಹಾಕುವುದು ಹೀಗೆಯೇ. ಆದರೆ ಬಾಕ್ಸಿನ ಮೇಲೆ 1.44 ಚದರ ಮೀಟರ್ ಎಂದು ಅಚ್ಚಾಗಿರುತ್ತದೆ, ಅದು 15.5 ಚದರಡಿಯಷ್ಟೇ. ಇದು ಸಣ್ಣ ಕೊರತೆ. ದೊಡ್ಡ ಕೊರತೆ ವಿಸ್ತೀರ್ಣದ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಅದನ್ನು ಕಾಣಬೇಕಾದರೆ ಟೈಲುಗಳನ್ನು ಕಾಗದದ ಮೇಲೆ ಒಂದೊಂದಾಗಿ ಜೋಡಿಸಬೇಕು.

ಒಂದು ಮೂಲೆಯಿಂದ ಪೂರ್ತಿ ಟೈಲು ಹಾಕುತ್ತ ಹೋದರೆ ಉದ್ದಕ್ಕೆ ಐದು, ಅಗಲಕ್ಕೆ ನಾಲ್ಕು ಸೆಂಟಿಮೀಟರಿನ ಪಟ್ಟಿ ಉಳಿಯುತ್ತದೆ. ಸ್ಕರ್ಟಿಂಗ್ ತನ್ನ ದಪ್ಪದಿಂದ ಮುಚ್ಚುವುದು ಗೋಡೆಗೆ ಒಂದು ಸೆಂಟಿಮೀಟರಿನಷ್ಟು ಮಾತ್ರ. ವಿಟ್ರಿಫೈಡ್ ಟೈಲನ್ನು ಅಷ್ಟು ಸಣ್ಣಗೆ ಸೀಳುವಾಗ ತುಂಡುಗಳು ಮುರಿಯುತ್ತವೆ. ಕೂರಿಸಿದ ಮೇಲೂ ಗೋಡೆಯ ಬುಡದ ದಾರದಂಥ ಪಟ್ಟಿ ಕಣ್ಣಿಗೆ ಚುಚ್ಚುತ್ತದೆ. ಆದ್ದರಿಂದ ಅನುಭವಿ ಮೇಸ್ತ್ರಿ ಕೋಣೆಯ ನಡುವಿಗೆ ದಾರ ಹಿಡಿದು, ಎರಡೂ ಕೊನೆಗೆ ಸಮಸಮನಾದ ತುಂಡು ಬರುವಂತೆ ಹಂಚುತ್ತಾರೆ. ಎರಡು ಮಿಲಿಮೀಟರಿನ ಸಂದು ಬಿಟ್ಟು ಲೆಕ್ಕ ಹಾಕಿದರೆ ಉದ್ದಕ್ಕೆ ಐದು ಪೂರ್ತಿ ಟೈಲು, ಆಚೀಚೆ 32 ಸೆಂಟಿಮೀಟರಿನ ತುಂಡುಗಳು. ಅಗಲಕ್ಕೆ ನಾಲ್ಕು ಪೂರ್ತಿ, ಆಚೀಚೆ ಮತ್ತೆ 32.

ನೋಡಲು ಇದು ಅಂದವೇ. ಆದರೆ 60ರ ಟೈಲಿನಲ್ಲಿ 32ರ ತುಂಡು ಒಂದೇ ಸಿಗುತ್ತದೆ, ಮಿಕ್ಕ 28 ಈ ನೆಲದಲ್ಲಿ ಎಲ್ಲಿಗೂ ಸಾಲುವುದಿಲ್ಲ. ಹಾಗಾಗಿ ಪ್ರತಿ ತುಂಡಿಗೂ ಒಂದು ಇಡೀ ಟೈಲು ಬಲಿಯಾಗುತ್ತದೆ. ಸಾಲಿಗೆ ಏಳರಂತೆ ಆರು ಸಾಲಿಗೆ 42, ಗೂಡಿನ ಹಿಂಭಾಗಕ್ಕೆ 3, ಒಟ್ಟು 45. ತಂದಿರುವುದು 36!

ಇಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ದಾರವನ್ನು ನಟ್ಟನಡುವಿನಿಂದ ಮೂರು ಸೆಂಟಿಮೀಟರಿನಷ್ಟು ಎಡಕ್ಕೆ ಸರಿಸಿದರೆ ಎಡಗೋಡೆಗೆ 29, ಬಲಗೋಡೆಗೆ ಸುಮಾರು 35 ಸೆಂಟಿಮೀಟರಿನ ತುಂಡು ಬರುತ್ತದೆ. ಕೋಣೆಯಲ್ಲಿ ನಿಂತವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಈಗ ಒಂದೇ ಟೈಲಿನಿಂದ 29ರ ಎರಡು ತುಂಡು ಬರುತ್ತವೆ. ಗೂಡಿನ ಎದುರಿನ ಗೋಡೆಗೂ ಇದೇ ರೀತಿ 29 ಇಟ್ಟುಕೊಳ್ಳಿ. ಎಡಗೋಡೆಗೆ ಮತ್ತು ಈ ಗೋಡೆಗೆ ಮೂಲೆಗಳೂ ಸೇರಿ ಬೇಕಾಗುವುದು ಹನ್ನೆರಡು ಅರ್ಧ ತುಂಡು, ಅದಕ್ಕೆ ಆರು ಟೈಲು ಸಾಕು. ಮೊದಲ ಜೋಡಣೆಯಲ್ಲಿ ಇದಕ್ಕೇ ಹನ್ನೆರಡು ಹೋಗುತ್ತಿತ್ತು. ನಡುವೆ ಕತ್ತರಿಸದೆ ಕೂರುವವು 20. ಬಲಗೋಡೆಯ ಪಕ್ಕ, ಗೂಡಿನ ಕಡೆಯ ಮೂಲೆ ಸೇರಿದಂತೆ, 5. ಗೂಡಿನ ಗೋಡೆಯುದ್ದಕ್ಕೂ 5, ಗೂಡಿನೊಳಗೆ 3. ಕೂಡಿದರೆ 39.

ಗೂಡಿನ ಬಾಯಲ್ಲಿ ಮಾತ್ರ ಆತುರಪಡಬಾರದು. ಅಲ್ಲಿ ಕೂರುವ ಮೂರು ಟೈಲುಗಳಲ್ಲಿ ನಡುವಿನದು ಕತ್ತರಿಸದೆ ಪೂರ್ತಿಯಾಗಿ ಕೂರುತ್ತದೆ. ಎರಡು ಪಕ್ಕದವು ಅರ್ಧ ಕೋಣೆಯಲ್ಲಿ, ಅರ್ಧ ಗೂಡಿನಲ್ಲಿ ಇರುತ್ತವೆ. ಗೋಡೆಯ ಮೂಲೆ ಬರುವ ಕಡೆ ಅವುಗಳ ಒಂದು ಮೂಲೆಯನ್ನು ಚೌಕವಾಗಿ ತೆಗೆದು ‘ಎಲ್’ ಆಕಾರ ಮಾಡಬೇಕು. ಮಷಿನ್ನಿನ ಬಿಲ್ಲೆ ಒಳಮೂಲೆಯನ್ನು ದಾಟಿ ಸ್ವಲ್ಪ ಮುಂದೆ ಹೋದರೂ ಅಲ್ಲಿಂದ ಬಿರುಕು ಶುರುವಾಗುತ್ತದೆ, ಕೆಲವೊಮ್ಮೆ ಕೂರಿಸಿ ತಿಂಗಳುಗಳಾದ ಮೇಲೆ. ಒಳಮೂಲೆಯಲ್ಲಿ ಮೊದಲು ಡ್ರಿಲ್ಲಿನಿಂದ ಒಂದು ತೂತು ಕೊರೆದು, ಎರಡೂ ಕಡೆಯಿಂದ ಆ ತೂತಿನವರೆಗೆ ಮಾತ್ರ ಕತ್ತರಿಸುವವರ ಕೈಯಲ್ಲಿ ಟೈಲು ಉಳಿಯುತ್ತದೆ. ಇದನ್ನು ಎರಡು ತುಂಡು ಸೇರಿಸಿ ಮುಗಿಸಲು ಬಿಡಬೇಡಿ, ಆ ಸಂದು ಕೋಣೆಯ ಬೇರಾವ ಗೆರೆಗೂ ಕೂಡುವುದಿಲ್ಲ. ಒಡೆಯುವುದಕ್ಕೆಂದು ಎರಡು ಟೈಲು ಹೆಚ್ಚಿಗೆ ಹಿಡಿಯುವುದು ಮುಖ್ಯವಾಗಿ ಈ ಜಾಗಕ್ಕಾಗಿ.

ಇನ್ನು ಬಲಗೋಡೆ ಮತ್ತು ಗೂಡಿನ ಕಡೆಯ ತುಂಡುಗಳಿಂದ ಉಳಿದ 24 ಸೆಂಟಿಮೀಟರಿನ ಪಟ್ಟಿಗಳು. ಅವನ್ನು ಕಸದ ರಾಶಿಗೆ ಎಸೆಯಲು ಬಿಡಬೇಡಿ. ಪ್ರತಿಯೊಂದೂ ಉದ್ದಕ್ಕೆ ಸೀಳಿದರೆ ನಾಲ್ಕಂಗುಲ ಎತ್ತರದ ಎರಡು ಸ್ಕರ್ಟಿಂಗ್ ಆಗುತ್ತದೆ. ಇಂಥ ಹತ್ತು ಪಟ್ಟಿ ಉಳಿಯುವುದರಿಂದ ಇಪ್ಪತ್ತು ಸ್ಕರ್ಟಿಂಗ್ ತುಂಡು. ಬಾಗಿಲು ಬಿಟ್ಟು, ಗೂಡಿನ ಒಳಗೋಡೆಗಳನ್ನೂ ಸೇರಿಸಿ ಈ ಕೋಣೆಗೆ ಬೇಕಾಗುವುದು 23. ಉಳಿದ ಮೂರಕ್ಕೆ ಒಂದೇ ಟೈಲು ಸಾಕು. ಕಾರ್ಖಾನೆಯ ಅಂಚು ಮೇಲೆ ಬರುವಂತೆ, ಕತ್ತರಿಸಿದ ಅಂಚು ನೆಲಕ್ಕೆ ತಾಗುವಂತೆ ಕೂರಿಸಬೇಕು. ಎರಡೂ ಅಂಚು ಕತ್ತರಿಸಿದವಾಗಿದ್ದರೆ ಮೇಲಿನದನ್ನು ಉಜ್ಜಿ ನುಣುಪು ಮಾಡಿಸಬೇಕು.

ಈ ಲೆಕ್ಕವೆಲ್ಲ ನಿಂತಿರುವುದು ಆ 29ರ ಮೇಲೆ. ಬಿಲ್ಲೆ ತಿನ್ನುವುದನ್ನು ಕಳೆದರೆ ಒಂದು ಟೈಲಿನಿಂದ ಎರಡು ತುಂಡು ಬರುವುದು ಹೆಚ್ಚೆಂದರೆ 29.8 ಸೆಂಟಿಮೀಟರಿನವರೆಗೆ. ಗೋಡೆ ಸ್ವಲ್ಪ ವಾಲಿದ್ದರೂ ಒಂದು ಕೊನೆಯ ತುಂಡು 30 ದಾಟಿ ಲೆಕ್ಕ ಕುಸಿಯುತ್ತದೆ. ಆದ್ದರಿಂದ ಮೊದಲು ಎರಡು ಕರ್ಣ ಅಳೆಯಿರಿ. 12ಕ್ಕೆ 10ರ ಕೋಣೆಯಲ್ಲಿ ಮೂಲೆಯಿಂದ ಮೂಲೆಗೆ ಎರಡೂ 15 ಅಡಿ ಏಳೂವರೆ ಅಂಗುಲದ ಆಸುಪಾಸು ಬರಬೇಕು. ಒಂದಕ್ಕೊಂದು ಹೊಂದದಿದ್ದರೆ ಮೂಲೆಗಳು ಮಟ್ಟದಲ್ಲಿಲ್ಲ ಎಂದರ್ಥ. ಆಗ ಉದ್ದ ಅಗಲಗಳನ್ನು ಮೂರು ಮೂರು ಕಡೆ ಅಳೆದು, ದಾರವನ್ನು ಇನ್ನೊಂದು ಸೆಂಟಿಮೀಟರ್ ಸರಿಸಿ 28ಕ್ಕೆ ಇಳಿಸಿಕೊಳ್ಳಬೇಕು.

ಹತ್ತು ಪರ್ಸೆಂಟಿನ ರೂಢಿ ದೊಡ್ಡ ಹಾಲಿಗೆ ನಡೆಯುತ್ತದೆ, ಏಕೆಂದರೆ ಅಲ್ಲಿ ಗೋಡೆಯಂಚಿನ ತುಂಡುಗಳಿಗಿಂತ ನಡುವಿನ ಪೂರ್ತಿ ಟೈಲುಗಳೇ ಬಹಳ. ಇಂಥ ಸಣ್ಣ ಕೋಣೆಯಲ್ಲಿ ಎಚ್ಚರದಿಂದ ಹಾಕಿದಾಗಲೂ ನೆಲದ ವಿಸ್ತೀರ್ಣಕ್ಕಿಂತ ಹದಿನಾರು ಪರ್ಸೆಂಟ್ ಹೆಚ್ಚು ಬೇಕಾಯಿತು. ಅಂದಕ್ಕೆಂದು ನಟ್ಟನಡುವಿಗೆ ದಾರ ಹಿಡಿದಾಗ ಮೂವತ್ತನ್ನೂ ಮೀರಿತ್ತು.

ಕೊಳ್ಳಬೇಕಾದದ್ದು ಹನ್ನೊಂದು ಬಾಕ್ಸ್, 44 ಟೈಲು. ನೆಲಕ್ಕೆ 39, ಸ್ಕರ್ಟಿಂಗಿಗೆ 1, ಒಡೆಯುವುದಕ್ಕೆ 2, ಮುಂದೆ ಎಂದಾದರೂ ಬದಲಿಸಬೇಕಾದರೆ ಎಂದು ಮನೆಯಲ್ಲಿ ಇಟ್ಟುಕೊಳ್ಳಲು 2. ಹನ್ನೊಂದನ್ನೂ ಒಂದೇ ಸಲ ತರಿಸಿ, ಬಾಕ್ಸಿನ ಮೇಲಿನ ಬ್ಯಾಚ್ ಮತ್ತು ಶೇಡ್ ನಂಬರುಗಳು ಒಂದೇ ಇವೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಿ. ಕಡಿಮೆ ಬಿತ್ತೆಂದು ತಿಂಗಳ ಮೇಲೆ ತಂದ ಬಾಕ್ಸಿನ ಟೈಲು ಅದೇ ಹೆಸರಿನದಾದರೂ ಬಣ್ಣದಲ್ಲಿ ಒಂದು ಛಾಯೆ ಬೇರೆಯಿರಬಹುದು. ಕಿಟಕಿಯ ಬೆಳಕು ಬಿದ್ದಾಗ ಅದು ನೆಲದಲ್ಲಿ ತೇಪೆಯಂತೆ ಎದ್ದು ಕಾಣುತ್ತದೆ.