ನಿಮ್ಮ ಕಾವಲಿ ಆನ್‌ಲೈನ್‌ನಲ್ಲಿ ಯಾಕೆ ಕಾಣಿಸ್ತಿಲ್ಲ?

ಅಮೆಜಾನ್‌ನಲ್ಲಿ ಮೊದಲ ಸಲ ಮಾರಾಟಕ್ಕಿಳಿಯುವವರು ಅರ್ಧ ದಿನ ಕೂತು ಬರೆಯೋದು ಪುಟದ ಕೆಳಗಡೆ ಬರುವ ಉದ್ದನೆಯ ವಿವರಣೆಯನ್ನ. ಫೋನಿನಲ್ಲಿ ಅಷ್ಟು ಕೆಳಗೆ ಹೋಗಿ ಓದುವವರು ತೀರಾ ಕಡಿಮೆ. ಬೇಜಾರು ಅಂತ ಖಾಲಿ ಬಿಟ್ಟ ಕಾಲಂಗಳೇ ಹೆಚ್ಚಾಗಿ ವ್ಯಾಪಾರ ಕೆಡಿಸೋದು.

ಒಂದು ಉದಾಹರಣೆ ತಗೊಳ್ಳೋಣ. ನೀವು ಬೀಡು ಕಬ್ಬಿಣದ ದೋಸೆ ಕಾವಲಿ ಮಾರ್ತಿದ್ದೀರಿ. 12 ಇಂಚು ಅಗಲ, ಸುಮಾರು ಮೂರು ಕೆ.ಜಿ. ತೂಕ, ಎಣ್ಣೆ ಹಚ್ಚಿ ಪಳಗಿಸಿದ್ದು. ಇದರ ಪುಟವನ್ನ ಇಬ್ಬರು ಓದ್ತಾರೆ. ಮೊದಲು ಸರ್ಚ್ ಯಂತ್ರ, ಆಮೇಲೆ ಗಿರಾಕಿ. ಯಂತ್ರ ಪಾಸು ಮಾಡದಿದ್ದರೆ ಗಿರಾಕಿಯವರೆಗೆ ನಿಮ್ಮ ಕಾವಲಿ ತಲುಪೋದೇ ಇಲ್ಲ.

ಶೀರ್ಷಿಕೆಯನ್ನ ಇಬ್ಬರೂ ಓದ್ತಾರೆ. ಫೋನಿನ ಪರದೆಯಲ್ಲಿ ಅದರ ಮೊದಲ ಭಾಗ ಮಾತ್ರ ಕಾಣುತ್ತೆ, ಉಳಿದದ್ದು ಚುಕ್ಕಿಗಳಾಗಿ ಕರಗಿಹೋಗುತ್ತೆ. ಹಾಗಾಗಿ ನಿಮ್ಮ ಬ್ರ್ಯಾಂಡ್ ಹೆಸರಿನ ಹಿಂದೆಯೇ ಹೀಗೆ ಬರಲಿ:

```
Cast Iron Dosa Tawa, 12 inch, Pre-Seasoned
```

ವಸ್ತು ಏನು, ಯಾವುದರಿಂದ ಮಾಡಿದ್ದು, ಎಷ್ಟು ದೊಡ್ಡದು, ಎಲ್ಲ ಬಂತು. `Best Quality`, `Free Delivery` ಥರದ್ದನ್ನ ಅಮೆಜಾನ್ ಒಪ್ಪಲ್ಲ. ಒಪ್ಪಿದರೂ ಪ್ರಯೋಜನವಿಲ್ಲ, ದೋಸೆ ಹುಯ್ಯಬೇಕು ಅಂದವರು ಆ ಪದ ಹಾಕಿ ಹುಡುಕಲ್ಲ.

ಇನ್ನು ಹೊಸಬರು ಎಡವೋ ಜಾಗ. ಲಿಸ್ಟಿಂಗ್ ಮಾಡುವಾಗ ವರ್ಗ, ಲೋಹ, ವ್ಯಾಸ, ತೂಕ, ಇಂಡಕ್ಷನ್ ಒಲೆಗೆ ಆಗುತ್ತಾ ಇಲ್ವಾ ಅಂತ ಸಾಲು ಸಾಲು ಪ್ರಶ್ನೆ ಕೇಳ್ತಾರೆ. ಕಡ್ಡಾಯ ಅಂತ ಗುರುತಿರೋದನ್ನ ಮಾತ್ರ ತುಂಬಿ ಮುಂದೆ ಹೋಗೋದು ಎಲ್ಲರ ಅಭ್ಯಾಸ. ಆದರೆ ಸರ್ಚ್ ಫಲಿತಾಂಶದ ಪಕ್ಕದಲ್ಲಿ ಬರುವ ಫಿಲ್ಟರ್‌ಗಳು ನೋಡೋದು ಇದೇ ಕಾಲಂಗಳನ್ನ. ಗಿರಾಕಿ ಲೋಹದ ಫಿಲ್ಟರ್‌ನಲ್ಲಿ `Cast Iron` ಒತ್ತಿದರು ಅಂದ್ಕೊಳ್ಳಿ. ನಿಮ್ಮ ಲೋಹದ ಕಾಲಂ ಖಾಲಿ ಇದ್ದರೆ, ಶೀರ್ಷಿಕೆಯಲ್ಲಿ ಅದೇ ಪದ ಇದ್ದರೂ ಕಾವಲಿ ಪಟ್ಟಿಯಿಂದ ಜಾರಿಬಿಡಬಹುದು. ಡೇಟಾಬೇಸ್ ಜೊತೆ ಕೆಲಸ ಮಾಡೋ ನನ್ನಂಥವರಿಗೆ ಇದು ಹೊಸದೇನಲ್ಲ: ಖಾಲಿ ಕಾಲಂ ಯಾವ ಫಿಲ್ಟರ್‌ಗೂ ಸಿಗಲ್ಲ.

ಗಿರಾಕಿಗೆ ಕಾಣದ ಇನ್ನೊಂದು ಕಾಲಂ ಇದೆ, `Search Terms` ಅಂತ. ಶೀರ್ಷಿಕೆಯಲ್ಲಿ ಹಿಡಿಸದ ಪದಗಳು ಇಲ್ಲಿಗೆ. ಒಬ್ಬರು `tawa` ಅಂದ್ರೆ ಇನ್ನೊಬ್ಬರು `tava`, ನಮ್ಮವರು `kavali`, ತಮಿಳರು `dosa kal` ಅಂತ ಟೈಪ್ ಮಾಡ್ತಾರೆ. ಶೀರ್ಷಿಕೆಯಲ್ಲಿ ಬಂದ ಪದವನ್ನ ಮತ್ತೆ ಹಾಕೋದು ದಂಡ. ಭಾರತದಲ್ಲಿ ಈ ಕಾಲಂಗೆ ಮಿತಿ 200 ಬೈಟ್, 200 ಅಕ್ಷರ ಅಲ್ಲ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್. ಕನ್ನಡದಲ್ಲಿ ಮೂಲ ಅಕ್ಷರಕ್ಕೆ ಮೂರು, ಅದರ ಕೊಂಬು-ದೀರ್ಘಕ್ಕೆ ಪ್ರತ್ಯೇಕವಾಗಿ ಮತ್ತೆ ಮೂರು. `kavali` ಆರು ಬೈಟ್ ತಿಂದರೆ ‘ಕಾವಲಿ’ ಹದಿನೈದು ತಿನ್ನುತ್ತೆ. ಕನ್ನಡ ಪದ ಹಾಕಬೇಡಿ ಅಂತಲ್ಲ, ಲೆಕ್ಕ ನೋಡಿ ಹಾಕಿ.

ಪಟ್ಟಿಯಲ್ಲಿ ಬಂದಾಯ್ತು ಅಂದ್ಕೊಳ್ಳಿ. ಈಗ ಬೆರಳು ಒತ್ತಿಸೋದು ಮೊದಲ ಫೋಟೊ, ಬೆಲೆ ಮತ್ತು ಸ್ಟಾರ್. ಮೊದಲ ಫೋಟೊಗೆ ಅಚ್ಚ ಬಿಳಿ ಹಿನ್ನೆಲೆ ಬೇಕು, ಚೌಕಟ್ಟಿನ 85 ಶೇಕಡಾದಷ್ಟು ವಸ್ತುವೇ ತುಂಬಿರಬೇಕು, ಮೇಲೆ ಬರಹ ಇರಬಾರದು. ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಇದ್ದರೆ ಜೂಮ್ ಆಗುತ್ತೆ. ಎರಡನೇ ಫೋಟೊದಿಂದ ನಿಮಗೆ ಸ್ವಾತಂತ್ರ್ಯ. ಮನೆಯ ಗ್ಯಾಸ್ ಒಲೆ ಮೇಲಿಟ್ಟು ತೆಗೆಯಿರಿ, ಪಕ್ಕದ ಬರ್ನರ್ ಮೇಲೆ ಪಾತ್ರೆ ಕೂರುತ್ತಾ ಇಲ್ವಾ ಅಂತ ಗೊತ್ತಾಗಲಿ. ಬಿಳಿ ಹಿನ್ನೆಲೆಯಲ್ಲಿ 10 ಇಂಚಿನದೂ 12 ಇಂಚಿನದೂ ಒಂದೇ ಥರ ಕಾಣುತ್ತೆ ನೋಡಿ.

ಫೋಟೊ ಹೇಳದ್ದನ್ನ ಹೇಳೋಕೆ ಐದು ಬುಲೆಟ್ ಪಾಯಿಂಟ್ ಇವೆ. ‘ಗಟ್ಟಿಮುಟ್ಟು, ಆಕರ್ಷಕ’ ಅಂತ ಬರೆದು ಅವನ್ನ ಹಾಳುಮಾಡಬೇಡಿ. ‘ಮೂರು ಕೆ.ಜಿ. ಇದೆ, ಒಂದು ಕೈಯಲ್ಲಿ ಎತ್ತೋದು ಕಷ್ಟ’, ‘ತೊಳೆದು ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತೆ, ಒರೆಸಿ ಎಣ್ಣೆ ಸವರಿ’, ‘ಇಂಡಕ್ಷನ್ ಮೇಲೆ ಕಾಯುತ್ತೆ, ಆದರೆ ಅಂಚಿಗಿಂತ ನಡುವೆ ಜಾಸ್ತಿ’ ಅಂತ ಬರೆಯಿರಿ. ಹೀಗೆ ಬರೆದರೆ ಗಿರಾಕಿ ಓಡಿಹೋಗ್ತಾರೆ ಅನ್ನೋ ಭಯ ಸಹಜ. ಕೆಲವರು ಹೋಗ್ತಾರೆ ಕೂಡ. ಅವರು ಕೊಂಡು ವಾಪಸ್ ಕಳಿಸಿದ್ದರೆ ಮೂರು ಕೆ.ಜಿ. ಕಬ್ಬಿಣದ ಸಾಗಣೆ ಖರ್ಚು ನಿಮ್ಮ ತಲೆಗೇ ಬರಬಹುದಿತ್ತು, ಜೊತೆಗೆ ‘ತುಕ್ಕು ಬಂತು’ ಅನ್ನೋ ಒಂದು ಸ್ಟಾರ್ ವಿಮರ್ಶೆ ಪುಟದಲ್ಲೇ ಉಳಿಯುತ್ತಿತ್ತು.

ಎಲ್ಲಿ ಕೆಟ್ಟಿದೆ ಅಂತ ಕಂಡುಹಿಡಿಯೋದು ಹೇಗೆ? ಲಿಸ್ಟಿಂಗ್ ಆದ ಮೇಲೆ ನಿಮ್ಮ ವಸ್ತುವಿಗೆ `ASIN` ಅನ್ನೋ ಹತ್ತು ಅಕ್ಷರದ ಗುರುತು ಸಿಗುತ್ತೆ. ಸರ್ಚ್‌ನಲ್ಲಿ ಅದನ್ನ ಹಾಕಿ, ಪಕ್ಕದಲ್ಲಿ `kavali` ಅಂತ ಸೇರಿಸಿ ಹುಡುಕಿ. ನಿಮ್ಮ ಕಾವಲಿ ಬಂದರೆ ಯಂತ್ರ ಆ ಪದವನ್ನ ಓದಿದೆ ಅಂತ ತಿಳಿಯಬಹುದು. ಬರದಿದ್ದರೆ ಕಾಲಂಗಳಿಗೆ ವಾಪಸ್ ಹೋಗಿ. ಪದ ಓದಿದೆ, ಪಟ್ಟಿಯಲ್ಲೂ ಬರ್ತಿದೆ, ಆದರೆ ಯಾರೂ ಒತ್ತುತ್ತಿಲ್ಲ ಅಂದ್ರೆ ಮೊದಲ ಫೋಟೊ ಅಥವಾ ಬೆಲೆ ನೋಡಿ. ಒತ್ತಿ ಒಳಗೆ ಬಂದವರು ಕೊಳ್ಳದೆ ಹೋಗ್ತಿದ್ದರೆ ಬುಲೆಟ್ ಮತ್ತು ಉಳಿದ ಫೋಟೊಗಳನ್ನ ತಿದ್ದಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಎರಡು ವಾರ ಕಾಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಆರ್ಡರ್ ಬಂತು ಅಂತ ಗೊತ್ತಾಗಲ್ಲ.