ಅಬೂ ಹುರೈರಾರಿಂದ ಬುಖಾರಿಯವರೆಗೆ: ಒಂದು ಹೊತ್ತಗೆಯ ದಾರಿ

ರಮಝಾನ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬರುವ ಹದೀಸ್‌ಗಳನ್ನು, ಅಂದರೆ ಪ್ರವಾದಿ ಮುಹಮ್ಮದರ ನುಡಿ-ನಡೆಗಳ ವರದಿಗಳನ್ನು ನೀವು ಓದಿರಬಹುದು. ಆರಂಭದಲ್ಲಿ ‘ಅಬೂ ಹುರೈರಾ ವರದಿ ಮಾಡಿದ್ದಾರೆ’ ಎಂದಿರುತ್ತದೆ, ಕೊನೆಗೆ ಆವರಣದಲ್ಲಿ ‘ಬುಖಾರಿ’ ಎಂದಿರುತ್ತದೆ. ಅಬೂ ಹುರೈರಾ ಪ್ರವಾದಿಯ ಸಂಗಾತಿ, ತೀರಿಕೊಂಡದ್ದು ಹಿಜರಿ 59ರ ಸುಮಾರಿಗೆ. ಬುಖಾರಿ ತೀರಿಕೊಂಡದ್ದು ಹಿಜರಿ 256ರಲ್ಲಿ, ಅಂದರೆ ಕ್ರಿ.ಶ. 870ರಲ್ಲಿ. ಈ ಎರಡು ಹೆಸರುಗಳ ನಡುವೆ ಹೆಚ್ಚುಕಡಿಮೆ ಇನ್ನೂರು ವರ್ಷಗಳಿವೆ. ಅಷ್ಟು ಕಾಲ ಆ ಮಾತುಗಳು ಎಲ್ಲಿದ್ದವು?

ಬಾಯಿಂದ ಬಾಯಿಗೆ ಬಂದವು, ಕೊನೆಗೆ ಯಾರೋ ಬರೆದಿಟ್ಟರು ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ಅರ್ಧ ಮಾತ್ರ ಸರಿ. ಬರವಣಿಗೆ ಮೊದಲಿಂದಲೂ ಜೊತೆಗಿತ್ತು. ಆದರೆ ಬರೆದದ್ದನ್ನು ಕೇಳದೆ ಯಾರೂ ನಂಬುತ್ತಿರಲಿಲ್ಲ. ಇದನ್ನು ನೋಡಲು ಒಂದು ಚಿಕ್ಕ ಹೊತ್ತಗೆಯ ಬೆನ್ನು ಹಿಡಿದರೆ ಸಾಕು.

ಯಮನಿನ ಹಮ್ಮಾಮ್ ಇಬ್ನ್ ಮುನಬ್ಬಿಹ್ ಅಬೂ ಹುರೈರಾರ ಶಿಷ್ಯ. ಗುರುಗಳಿಂದ ಕೇಳಿದ ಸುಮಾರು 140 ಹದೀಸ್‌ಗಳು ಅವರ ಸಹೀಫಾದಲ್ಲಿದ್ದವು. ಸಹೀಫಾ ಎಂದರೆ ಸ್ವಂತ ಉಪಯೋಗಕ್ಕೆ ಬರೆದುಕೊಂಡ ಹಾಳೆಗಳು. ವಿಷಯವಾರು ವಿಂಗಡಣೆ ಇಲ್ಲ. ಪ್ರಾರ್ಥನೆಯ ಮಾತಿನ ಪಕ್ಕದಲ್ಲೇ ವ್ಯಾಪಾರದ ಮಾತು ಬರುತ್ತದೆ. ಆ ಕಾಲದಲ್ಲಿ ಬರೆಯುವುದೇ ಸರಿಯೇ ಎಂಬ ತಕರಾರೂ ಇತ್ತು. ಕುರ್‌ಆನ್ ಬಿಟ್ಟು ಬೇರೇನನ್ನೂ ನನ್ನಿಂದ ಬರೆದುಕೊಳ್ಳಬೇಡಿ ಎಂದು ಪ್ರವಾದಿ ಹೇಳಿದರೆಂಬ ವರದಿ ಮುಸ್ಲಿಮ್ ಸಂಗ್ರಹದಲ್ಲಿದೆ. ಅಬ್ದುಲ್ಲಾ ಇಬ್ನ್ ಅಮ್ರ್ ಎಂಬ ಸಂಗಾತಿಗೆ ಬರೆಯಲು ಅನುಮತಿ ಕೊಟ್ಟರೆಂಬ ವರದಿ ಅಬೂ ದಾವೂದ್ ಸಂಗ್ರಹದಲ್ಲಿದೆ. ತಾನು ಬರೆಯುತ್ತಿರಲಿಲ್ಲ, ಅಬ್ದುಲ್ಲಾ ಬರೆಯುತ್ತಿದ್ದರು ಎಂದು ಅಬೂ ಹುರೈರಾ ಹೇಳಿದ್ದನ್ನು ದಾಟಿಸಿದವರು, ಸ್ವಾರಸ್ಯವೆಂದರೆ, ಇದೇ ಹಮ್ಮಾಮ್.

ಬರೆದ ಹಾಳೆಯೊಂದೇ ಸಾಲದು ಎನ್ನಲು ಲಿಪಿಯೂ ಒಂದು ಕಾರಣ. ಆಗಿನ ಅರಬ್ಬಿ ಬರಹದಲ್ಲಿ ಅಕ್ಷರಗಳ ಚುಕ್ಕೆಗಳನ್ನು ಹೆಚ್ಚಾಗಿ ಇಡುತ್ತಿರಲಿಲ್ಲ. ಚುಕ್ಕೆ ಇಲ್ಲದಿದ್ದರೆ ಬ, ತ, ನ ಅಕ್ಷರಗಳು ಪದದ ನಡುವೆ ಒಂದೇ ರೀತಿ ಕಾಣುತ್ತವೆ. ಬರೆದುಕೊಂಡವರೇ ಓದಿ ಹೇಳಬೇಕು, ಇಲ್ಲವೇ ಶಿಷ್ಯ ಓದುವಾಗ ಗುರು ಕೇಳಿ ತಿದ್ದಬೇಕು. ಎಲ್ಲೋ ಸಿಕ್ಕ ಹಾಳೆಯಿಂದ ಎತ್ತಿಕೊಂಡ ಹದೀಸ್‌ಗೆ ಬೆಲೆ ತೀರ ಕಡಿಮೆ.

ಹಿಜರಿ ಮೊದಲ ಶತಮಾನದ ಅಂತರ್ಯುದ್ಧದ ನಂತರ ಇನ್ನೊಂದು ಪ್ರಶ್ನೆ ಸೇರಿಕೊಂಡಿತು: ಇದನ್ನು ನಿನಗೆ ಹೇಳಿದವರು ಯಾರು? ಮೊದಲು ಯಾರೂ ಇದನ್ನು ಕೇಳುತ್ತಿರಲಿಲ್ಲ, ಬಣಗಳು ಒಡೆದ ಮೇಲೆ ಹೆಸರು ಹೇಳಿ ಎನ್ನತೊಡಗಿದರು ಎಂದು ಬಸ್ರಾದ ಇಬ್ನ್ ಸೀರೀನ್ ಹೇಳಿದ್ದಾರೆ. ತಮ್ಮ ಪಕ್ಷಕ್ಕೆ ಅನುಕೂಲವಾಗುವ ಮಾತನ್ನು ಪ್ರವಾದಿಯ ಬಾಯಲ್ಲಿ ಇಡುವವರು ಹುಟ್ಟಿಕೊಂಡಿದ್ದರು. ಹೀಗೆ ಪ್ರತಿ ಹದೀಸ್‌ನ ಮುಂದೆ ಹೇಳಿದವರ ಹೆಸರುಗಳ ಸರಪಳಿ, ಇಸ್ನಾದ್, ಬಂದು ಕೂತಿತು. ಎರಡನೆಯ ಶತಮಾನದ ಹೊಸ್ತಿಲಲ್ಲಿ ಖಲೀಫಾ ಉಮರ್ ಇಬ್ನ್ ಅಬ್ದುಲ್ ಅಝೀಝ್, ತಿಳಿದವರು ಸಾಯುವ ಮುನ್ನ ಬರೆಸಿಡಿ ಎಂದು ಮದೀನಾಕ್ಕೆ ಆಜ್ಞೆ ಕಳಿಸಿದರು. ಆ ಕಾಲದ ದೊಡ್ಡ ಸಂಗ್ರಾಹಕ ಇಬ್ನ್ ಶಿಹಾಬ್ ಝುಹ್ರೀ. ಅವರ ಶಿಷ್ಯರಲ್ಲಿ ಒಬ್ಬರು ಬಸ್ರಾದ ಮಅ್‌ಮರ್ ಇಬ್ನ್ ರಾಶಿದ್. ನಮ್ಮ ಹೊತ್ತಗೆ ಹೋದದ್ದು ಇವರ ಕೈಗೆ.

ಯಮನಿಗೆ ಬಂದ ಮಅ್‌ಮರ್ ಹಮ್ಮಾಮರನ್ನು ಕಂಡಾಗ ಮುದುಕರ ಹುಬ್ಬು ಕಣ್ಣಿನ ಮೇಲೆ ಜೋತುಬಿದ್ದಿತ್ತಂತೆ. ಹಮ್ಮಾಮ್ ಹಾಳೆಗಳನ್ನು ಓದುತ್ತಾ ಹೋದರು, ನಡುವೆ ದಣಿದರು. ಆಗ ಮಅ್‌ಮರ್ ಹಾಳೆಗಳನ್ನು ತೆಗೆದುಕೊಂಡು ಉಳಿದದ್ದನ್ನು ತಾವೇ ಓದಿದರು, ಮುದುಕರು ಕೇಳಿಸಿಕೊಂಡರು. ಇದನ್ನು ಹೇಳಿದವರು ಅಹ್ಮದ್ ಇಬ್ನ್ ಹಂಬಲ್. ಯಾವ ಭಾಗ ಗುರು ಓದಿದ್ದು, ಯಾವ ಭಾಗ ಶಿಷ್ಯ ಓದಿದ್ದು ಎಂಬುದು ಮುಂದಿನ ಶಿಷ್ಯನಿಗೆ ಗೊತ್ತಿರಲಿಲ್ಲ ಎಂದೂ ಅವರು ಸೇರಿಸಿದ್ದಾರೆ. ಎರಡೂ ಒಪ್ಪಿತ ಪದ್ಧತಿಗಳೇ. ಆದರೂ ಅದನ್ನೂ ದಾಖಲಿಸಿದರಲ್ಲ, ಆ ಕಟ್ಟುನಿಟ್ಟು ನನಗೆ ಇಷ್ಟ.

ಹದೀಸ್ ವಿಮರ್ಶಕರು ಇಲ್ಲಿ ಮೊದಲು ಕೇಳುವುದು ವಯಸ್ಸನ್ನು. ಹಮ್ಮಾಮ್ ಹಿಜರಿ 101ರಲ್ಲಿ ತೀರಿಕೊಂಡರೆಂದು ಕೆಲವರು, 131 ಅಥವಾ 132 ಎಂದು ಕೆಲವರು. ಮಅ್‌ಮರ್ ಹುಟ್ಟಿದ್ದು 96ರ ಸುಮಾರಿಗೆ. ಮೊದಲ ಲೆಕ್ಕ ಸರಿಯಾದರೆ ಆ ಭೇಟಿಯಲ್ಲಿ ಮಅ್‌ಮರ್ ಐದು ವರ್ಷದ ಮಗು, ಹಾಳೆ ಹಿಡಿದು ಓದುವ ಮಾತೇ ಇಲ್ಲ. ಸರಪಳಿ ನಿಲ್ಲಬೇಕಾದರೆ ಎರಡನೆಯ ಲೆಕ್ಕವೇ ಬೇಕು. ಆಗ ಅಬೂ ಹುರೈರಾರ ಸಾವಿನ ನಂತರ ಹಮ್ಮಾಮ್ ಎಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ್ದರೆಂದಾಗುತ್ತದೆ. ಜೋತುಬಿದ್ದ ಹುಬ್ಬಿಗೆ ಅದು ಹೊಂದುತ್ತದೆ.

ಮಅ್‌ಮರ್ ಅವರಿಂದ ಹೊತ್ತಗೆ ಸನಾದ ಅಬ್ದುರ್ರಝ್ಝಾಕ್‌ಗೆ ಬಂತು. ಅಷ್ಟರಲ್ಲಿ ಹದೀಸ್‌ಗಳನ್ನು ಅಧ್ಯಾಯಗಳಾಗಿ ವಿಂಗಡಿಸುವ ಮುಸನ್ನಫ್‌ಗಳ ಕಾಲ ಶುರುವಾಗಿತ್ತು. ಅಬ್ದುರ್ರಝ್ಝಾಕ್ ಅವರದೇ ಒಂದು ದೊಡ್ಡ ಮುಸನ್ನಫ್ ಉಳಿದಿದೆ. ಅದರಲ್ಲಿ ಪ್ರವಾದಿಯ ಮಾತುಗಳ ಜೊತೆಗೆ ಸಂಗಾತಿಗಳ ಮತ್ತು ಅವರ ಶಿಷ್ಯರ ಅಭಿಪ್ರಾಯಗಳೂ ಬೆರೆತಿವೆ. ಅವರನ್ನು ಕೇಳಲು ಬಾಗ್ದಾದಿನಿಂದ ಅಹ್ಮದ್ ಇಬ್ನ್ ಹಂಬಲ್ ಸನಾಕ್ಕೆ ಹೋದರು. ಮುಂದೆ ಅಬ್ದುರ್ರಝ್ಝಾಕ್‌ಗೆ ಕಣ್ಣು ಹೋಯಿತು. ಆ ಬಳಿಕ ಅವರಿಂದ ಕೇಳಿದವರ ವರದಿ ದುರ್ಬಲ ಎಂದು ಅಹ್ಮದರೇ ತೀರ್ಪು ಕೊಟ್ಟರು. ಪುಸ್ತಕ ನೋಡಿ ತಿದ್ದಿಕೊಳ್ಳಲಾಗದ ಗುರುವಿನ ನೆನಪನ್ನು ಅವರು ನೆಚ್ಚಲಿಲ್ಲ.

ಅಹ್ಮದ್ ತಮ್ಮ ಮುಸ್ನದನ್ನು ವಿಷಯವಾರು ಜೋಡಿಸಲಿಲ್ಲ. ಯಾವ ಸಂಗಾತಿಯಿಂದ ಬಂತೋ ಆ ಹೆಸರಿನಡಿ ಇಟ್ಟರು. ಹಾಗಾಗಿ ಹಮ್ಮಾಮರ ಹದೀಸ್‌ಗಳು ಅಬೂ ಹುರೈರಾರ ಭಾಗದಲ್ಲಿ ಹೆಚ್ಚುಕಡಿಮೆ ಇಡಿಯಾಗಿ, ಒಂದೇ ಕಡೆ ಕೂತಿವೆ. ಮೂರನೆಯ ಶತಮಾನದ ಬುಖಾರಿ ಮತ್ತು ಮುಸ್ಲಿಮರ ಕಥೆ ಬೇರೆ. ತಮ್ಮ ನಿಯಮಕ್ಕೆ ಒಗ್ಗಿದ ಹದೀಸ್‌ಗಳನ್ನಷ್ಟೇ ಆರಿಸಿ ಮತ್ತೆ ವಿಷಯವಾರು ಇಟ್ಟರು. ಹೊತ್ತಗೆ ಚೂರುಚೂರಾಯಿತು.

ಆದರೂ ಗುರುತು ಉಳಿಯಿತು. ಹೊತ್ತಗೆಯ ಸರಪಳಿ ಇದ್ದದ್ದು ಆರಂಭದಲ್ಲಿ ಒಂದೇ ಸಲ. ನಡುವಿನಿಂದ ಒಂದು ಹದೀಸ್ ಎತ್ತಿಕೊಳ್ಳುವಾಗ ಅದಕ್ಕೆ ನೇರವಾಗಿ ಸರಪಳಿ ಹಚ್ಚಬಹುದೇ? ಮುಸ್ಲಿಮ್ ಹಾಗೆ ಮಾಡದೆ, ಅಬೂ ಹುರೈರಾ ಹಲವು ಹದೀಸ್‌ಗಳನ್ನು ಹೇಳಿದರು, ಅವುಗಳಲ್ಲಿ ಇದೂ ಒಂದು ಎಂದು ಬರೆದರು. ಬುಖಾರಿಯ ದಾರಿ ಇನ್ನೂ ವಿಚಿತ್ರ. ಆಣೆಗಳ ಅಧ್ಯಾಯದಲ್ಲಿ ಒಂದು ಹದೀಸ್ ಇದೆ: ಮನೆಯವರಿಗೆ ತೊಂದರೆಯಾಗುವ ಆಣೆಗೆ ಜೋತುಬೀಳುವುದು, ಅದನ್ನು ಮುರಿದು ಪ್ರಾಯಶ್ಚಿತ್ತ ಕೊಡುವುದಕ್ಕಿಂತ ದೊಡ್ಡ ಪಾಪ ಎಂದು. ಅದಕ್ಕೆ ಮುಂಚೆ, ಕೊನೆಗೆ ಬಂದವರಾದರೂ ಅಂತ್ಯದಿನದಲ್ಲಿ ನಾವೇ ಮುಂದಿರುತ್ತೇವೆ ಎಂಬರ್ಥದ, ಆಣೆಗೆ ಸಂಬಂಧವೇ ಇಲ್ಲದ ಒಂದು ಸಾಲು. ಅದು ಹಮ್ಮಾಮರ ಹೊತ್ತಗೆಯ ಮೊದಲ ಹದೀಸ್‌ನ ಆರಂಭ!

ಈ ಹೊತ್ತಗೆಯ ಪ್ರತಿಗಳು ಬರ್ಲಿನ್ ಮತ್ತು ದಮಾಸ್ಕಸ್‌ನಲ್ಲಿ ಸಿಕ್ಕವು. ಹೈದರಾಬಾದಿನಲ್ಲಿ ಹುಟ್ಟಿದ ವಿದ್ವಾಂಸ ಮುಹಮ್ಮದ್ ಹಮೀದುಲ್ಲಾ 1950ರ ದಶಕದಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ 138 ಹದೀಸ್‌ಗಳಿವೆ, ಬಹುಪಾಲು ಅಹ್ಮದರ ಮುಸ್ನದಿಗೆ ತಾಳೆಯಾಗುತ್ತವೆ. ಇದರಿಂದ ಎಲ್ಲವೂ ಸಾಬೀತಾಯಿತು ಎನ್ನುವವರಿದ್ದಾರೆ, ನಾನು ಅಷ್ಟು ದೂರ ಹೋಗಲಾರೆ. ಸಿಕ್ಕ ಪ್ರತಿಗಳು ಹಮ್ಮಾಮರ ಕೈಬರಹವಲ್ಲ, ಶತಮಾನಗಳ ನಂತರದ ನಕಲುಗಳು. ಅವುಗಳೂ ಮಅ್‌ಮರ್ ಮತ್ತು ಅಬ್ದುರ್ರಝ್ಝಾಕ್ ಮೂಲಕವೇ ಬಂದವು. ಆದ್ದರಿಂದ ಅಬ್ದುರ್ರಝ್ಝಾಕ್‌ಗಿಂತ ಹಿಂದಿನ ಕೊಂಡಿಗಳನ್ನು ಈ ತಾಳೆ ಪರೀಕ್ಷಿಸಲಾರದು. ಅಬ್ದುರ್ರಝ್ಝಾಕ್ ನಂತರ, ಹಲವರ ಕೈ ದಾಟಿದರೂ, ಪಠ್ಯ ಹೆಚ್ಚು ಕದಲಲಿಲ್ಲ ಎಂಬುದನ್ನು ಮಾತ್ರ ಅದು ಗಟ್ಟಿಯಾಗಿ ತೋರಿಸುತ್ತದೆ.